ಸರಾಸರಿ 10.9, ಆದರೆ ಹನ್ನೊಂದು ಅಂಕ ಪಡೆದವರೇ ಇಲ್ಲ

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಒಂಬತ್ತನೇ ತರಗತಿಯ ಎ ಮತ್ತು ಬಿ ವಿಭಾಗ ಎರಡಕ್ಕೂ ನಾನೇ ಪಾಠ ಮಾಡುತ್ತೇನೆ. ಬಹುಪದೋಕ್ತಿ ಅಧ್ಯಾಯ ಮುಗಿದ ಮೇಲೆ ಎರಡೂ ವಿಭಾಗಕ್ಕೆ ಒಂದೇ ಪ್ರಶ್ನೆಪತ್ರಿಕೆಯಲ್ಲಿ 20 ಅಂಕದ ಘಟಕ ಪರೀಕ್ಷೆ ಕೊಟ್ಟೆ. ಪ್ರತಿ ವಿಭಾಗದಲ್ಲಿ 25 ಮಕ್ಕಳು ಬರೆದರು. ಅಂಕ ಕೂಡಿಸಿದಾಗ ಎ ವಿಭಾಗದ ಒಟ್ಟು 273 ಬಂತು, ಬಿ ವಿಭಾಗದ್ದೂ 273. ತಪ್ಪಾಗಿರಬೇಕು ಎಂದು ಮತ್ತೊಮ್ಮೆ ಕೂಡಿಸಿದೆ. ಅಷ್ಟೇ ಬಂತು. ಸರಾಸರಿ ಎರಡಕ್ಕೂ 10.9.

ಆ ಸಂಜೆ ಫಲಿತಾಂಶದ ಹಾಳೆಯಲ್ಲಿ ಎರಡೂ ವಿಭಾಗದ ಮುಂದೆ 10.9 ಎಂದು ಬರೆದು ಮುಖ್ಯ ಶಿಕ್ಷಕರಿಗೆ ಕೊಟ್ಟುಬಿಟ್ಟೆ. "ಪರವಾಗಿಲ್ಲ ಮೇಡಂ, ಎರಡೂ ಸಮನಾಗಿವೆ" ಅಂದರು. ಆದರೆ ಉತ್ತರ ಪತ್ರಿಕೆ ತಿದ್ದಿದ ಕೈಗೆ ಗೊತ್ತಿತ್ತು, ಅವು ಸಮನಾಗಿರಲಿಲ್ಲ. ಬಿ ವಿಭಾಗದ ಕಟ್ಟು ತಿದ್ದುವಾಗ ಒಂದು ಪತ್ರಿಕೆಗೆ ಬೇಸರ, ಮುಂದಿನದಕ್ಕೆ ಖುಷಿ, ಹೀಗೇ ಸಾಗಿತ್ತು. ಎ ವಿಭಾಗದ್ದು ತಿದ್ದುವಾಗ ಹಾಗಾಗಿರಲಿಲ್ಲ.

ಮನೆಗೆ ಬಂದು ಚೌಕುಳಿ ಪುಸ್ತಕ ತೆಗೆದೆ. ಅಡಿಯಲ್ಲಿ 0 ಯಿಂದ 20 ರವರೆಗೆ ಅಂಕ ಬರೆದು, ಒಂದೊಂದು ಮಗುವಿಗೂ ಆಯಾ ಅಂಕದ ಮೇಲೆ ಒಂದೊಂದು ಚುಕ್ಕಿ ಇಟ್ಟೆ. ಐವತ್ತು ಚುಕ್ಕಿಗೆ ಹತ್ತು ನಿಮಿಷ ಸಾಕಾಯಿತು.

ಎ ವಿಭಾಗದ ಚುಕ್ಕಿಗಳು ರಾಗಿ ರಾಶಿ ಹಾಕಿದ ಹಾಗೆ ನಡುವೆ ಎದ್ದು ಕೂತವು. 11 ಪಡೆದವರು ಆರು ಜನ, 10 ಪಡೆದವರು ಐದು, 12 ಪಡೆದವರು ನಾಲ್ಕು. ಉಳಿದವರು ಆಚೀಚೆ 6 ರಿಂದ 15 ರ ಒಳಗೆ. ಮಧ್ಯಾಂಕ, ಅಂದರೆ ಅಂಕಗಳನ್ನು ಏರಿಕೆ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವ ಅಂಕ, 11. ಅತಿ ಹೆಚ್ಚು ಮಕ್ಕಳು ಪಡೆದ ಅಂಕವಾದ ಬಹುಲಕವೂ, ಅಂದರೆ ಹಳೆಯ ಪುಸ್ತಕಗಳ ರೂಢಿಬೆಲೆಯೂ, 11. ಇಂಥ ತರಗತಿಗೆ ಸರಾಸರಿ ಹೇಳಿದರೆ ಯಾವ ಮೋಸವೂ ಇಲ್ಲ. ಮೂರರಲ್ಲಿ ಯಾವುದನ್ನು ಹೇಳಿದರೂ ಕೇಳಿದವರ ಮನಸ್ಸಿನಲ್ಲಿ ಮೂಡುವುದು ಅದೇ ಚಿತ್ರ.

ಬಿ ವಿಭಾಗದ್ದು ಎರಡು ರಾಶಿ. ಅಂಕಗಳನ್ನು ಏರಿಕೆ ಕ್ರಮದಲ್ಲೇ ಇಡುತ್ತೇನೆ: 2, 3, 3, 4, 4, 5, 5, 6, 7, 7, 7, 7, 12, 15, 15, 16, 16, 16, 17, 17, 17, 17, 18, 18, 19. ಹನ್ನೆರಡು ಮಕ್ಕಳು 7 ಮತ್ತು ಅದರ ಕೆಳಗೆ, ಹನ್ನೆರಡು ಮಕ್ಕಳು 15 ಮತ್ತು ಅದರ ಮೇಲೆ, ನಡುವಿನ ಬಯಲಲ್ಲಿ ಒಬ್ಬಳೇ ಹುಡುಗಿ 12 ಪಡೆದು ನಿಂತಿದ್ದಾಳೆ. ನಾನು ಹಾಳೆಯಲ್ಲಿ ಬರೆದುಕೊಟ್ಟ 10.9 ರ ಹತ್ತಿರ ಆ ಒಬ್ಬಳನ್ನು ಬಿಟ್ಟರೆ ಯಾರೂ ಇಲ್ಲ.

ಸರಾಸರಿ ಕೈಕೊಟ್ಟಾಗ ಮಧ್ಯಾಂಕ ಹೇಳು ಎಂದು ನಾವೇ ಮಕ್ಕಳಿಗೆ ಕಲಿಸುತ್ತೇವೆ. ನಾನೂ ಮೊದಲು ಅದನ್ನೇ ಮಾಡಹೊರಟೆ. ಬಿ ವಿಭಾಗದ ಮಧ್ಯಾಂಕ, ಅಂದರೆ ಹದಿಮೂರನೇ ಅಂಕ, 12. ನೋಡಲು ಚೆನ್ನಾಗಿದೆ. ಆದರೆ ಆ ಸಂಖ್ಯೆ ನಿಂತಿರುವುದು ಒಂದೇ ಮಗುವಿನ ಮೇಲೆ. 19 ಪಡೆದ ಹುಡುಗ ಆ ದಿನ ಜ್ವರ ಬಂದು ರಜೆ ಹಾಕಿದ್ದರೆ 24 ಅಂಕ ಉಳಿಯುತ್ತಿದ್ದವು, ಮಧ್ಯಾಂಕ 7 ಮತ್ತು 12 ರ ನಡುವಿನ 9.5 ಆಗುತ್ತಿತ್ತು. ಅವನ ಬದಲು 2 ಪಡೆದವನು ಬಾರದೇ ಇದ್ದಿದ್ದರೆ 12 ಮತ್ತು 15 ರ ನಡುವಿನ 13.5. ಒಬ್ಬರ ಗೈರುಹಾಜರಿಗೆ ಮಧ್ಯಾಂಕ ನಾಲ್ಕು ಅಂಕದಷ್ಟು ಅತ್ತಿತ್ತ ಓಡಾಡುತ್ತದೆ. ಅದೇ ಎರಡು ಸಂದರ್ಭದಲ್ಲಿ ಸರಾಸರಿ 10.6 ರಿಂದ 11.3 ಕ್ಕೆ ಮಾತ್ರ ಸರಿಯುತ್ತದೆ. ಇದು ನನಗೆ ನಿಜಕ್ಕೂ ಹೊಸ ಪಾಠ. ಮಧ್ಯಾಂಕ ಗಟ್ಟಿ ಎನ್ನುವುದು ನಡುವಿನಲ್ಲಿ ಮಕ್ಕಳು ಒತ್ತೊತ್ತಾಗಿ ಕೂತಿದ್ದಾಗ ಮಾತ್ರ ನಿಜ. ನಡುವೆ ಬಯಲಿದ್ದರೆ ಸರಾಸರಿಗಿಂತ ಅದೇ ಹೆಚ್ಚು ಅಲ್ಲಾಡುತ್ತದೆ.

ಮಧ್ಯಾಂಕ ತನ್ನ ಕೆಲಸ ಸರಿಯಾಗಿ ಮಾಡಿದ್ದು ಎ ವಿಭಾಗದಲ್ಲಿ, ಅದೂ ಬೇರೆ ಕಾರಣಕ್ಕೆ. ಅಲ್ಲಿ 26 ನೇ ಹುಡುಗನೊಬ್ಬ ಪರೀಕ್ಷೆಯ ದಿನ ಬಂದಿರಲಿಲ್ಲ. ಕಂಪ್ಯೂಟರಿಗೆ ಅಂಕ ಹಾಕುವಾಗ ಅವನ ಮುಂದೆ 0 ಬಿತ್ತು. ಸರಾಸರಿ 10.5 ಕ್ಕೆ ಇಳಿಯಿತು, ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆ 2.0 ಇದ್ದದ್ದು 2.9 ಆಯಿತು. ಮಧ್ಯಾಂಕ ಮಾತ್ರ 11 ರಲ್ಲೇ ಕೂತಿತ್ತು. ಎರಡಕ್ಕೂ ಅಂತರ ಬಂದದ್ದರಿಂದಲೇ ನಾನು ಪಟ್ಟಿಯನ್ನು ಮತ್ತೆ ನೋಡಿ ಆ ಸೊನ್ನೆಯನ್ನು ಹಿಡಿದದ್ದು. ಬರೆಯದ ಮಗುವಿನ ಅಂಕ ಸೊನ್ನೆಯಲ್ಲ, ಅಂಕವೇ ಇಲ್ಲ. ಆ ಕೋಶವನ್ನು ಖಾಲಿ ಬಿಡಬೇಕು, ಇಲ್ಲವೇ ಗೈ.ಹಾ. ಎಂದು ಬರೆಯಬೇಕು. ಖಾಲಿ ಕೋಶವನ್ನೂ ಅಕ್ಷರವಿರುವ ಕೋಶವನ್ನೂ ಎಕ್ಸೆಲ್ ಸರಾಸರಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೊನ್ನೆಯನ್ನು ಹಿಡಿಯುತ್ತದೆ. ನಾನು ಬಳಸುವ ಸೂತ್ರಗಳು ಇವಿಷ್ಟೇ:

```
=AVERAGE(C2:C27)
=MEDIAN(C2:C27)
=MODE.MULT(C2:C27)
=QUARTILE.INC(C2:C27,1)
=QUARTILE.INC(C2:C27,3)
=STDEV.P(C2:C27)
```

ಬಹುಲಕಕ್ಕೆ ಬರೀ `MODE` ಹಾಕಿದರೆ ಒಂದೇ ಉತ್ತರ ಬರುತ್ತದೆ. ಬಿ ವಿಭಾಗದಲ್ಲಿ 7 ಪಡೆದವರು ನಾಲ್ಕು, 17 ಪಡೆದವರೂ ನಾಲ್ಕು. ಅವೆರಡರಲ್ಲಿ ಒಂದನ್ನಷ್ಟೇ ತೋರಿಸಿದರೆ ಇಡೀ ತರಗತಿಯ ಚಿತ್ರವೇ ತಿರುವುಮುರುವು. ಇನ್ನು ಮಾನಕ ವಿಚಲನೆಗೆ `STDEV.P` ಯಾಕೆಂದರೆ ನನ್ನ ಮುಂದೆ ಇರುವುದು ಇಡೀ ತರಗತಿ, ದೊಡ್ಡ ಗುಂಪಿನಿಂದ ಆರಿಸಿ ತಂದ ಮಾದರಿಯಲ್ಲ.

ಆ ನಾಲ್ಕು ಏಳುಗಳ ಬಗ್ಗೆ ಹೇಳಲೇಬೇಕು. 20 ಕ್ಕೆ ಶೇಕಡಾ 35 ಅಂದರೆ 7, ಅದೇ ಆಗಿನ ಪಾಸಿನ ಗೆರೆ. ಪತ್ರಿಕೆಗಳನ್ನು ಮತ್ತೆ ತೆಗೆದು ನೋಡಿದೆ. ನಾಲ್ಕರಲ್ಲಿ ಎರಡು ನಿಜಕ್ಕೂ ಏಳು. ಒಂದರಲ್ಲಿ ಆರೂವರೆಯನ್ನು ಏಳಕ್ಕೆ ಏರಿಸಿದ್ದೆ. ಇನ್ನೊಂದರಲ್ಲಿ ಅರ್ಧಕ್ಕೆ ನಿಂತ ಲೆಕ್ಕಕ್ಕೆ ಹಂತದ ಅಂಕವೆಂದು ಒಂದು ಕೊಟ್ಟಿದ್ದೆ. ಅಂಥದೇ ಅರ್ಧ ಲೆಕ್ಕಕ್ಕೆ 4 ಪಡೆದವನ ಪತ್ರಿಕೆಯಲ್ಲಿ ಏನೂ ಕೊಟ್ಟಿರಲಿಲ್ಲ. ಅಂದರೆ 7 ರಲ್ಲಿ ಬಹುಲಕ ನಿಂತದ್ದಕ್ಕೆ ಮಕ್ಕಳ ಕಲಿಕೆಯಷ್ಟೇ ನನ್ನ ಕೆಂಪು ಪೆನ್ನೂ ಕಾರಣ. ಪಾಸಿನ ಗೆರೆಯ ಮೇಲೆ ಚುಕ್ಕಿಗಳ ಗೋಪುರ ಎದ್ದು, ಅದರ ಎಡಕ್ಕೆ ಹಠಾತ್ತನೆ ಚುಕ್ಕಿ ಕಮ್ಮಿಯಾಗಿದ್ದರೆ ಮೊದಲು ಮೌಲ್ಯಮಾಪನವನ್ನೇ ಪರಿಶೀಲಿಸಬೇಕು ಎಂದು ಅಂದಿನಿಂದ ನಿಯಮ ಮಾಡಿಕೊಂಡಿದ್ದೇನೆ. ಬಹುಲಕವನ್ನು ನಾನು ಯಾರಿಗೂ ವರದಿ ಮಾಡುವುದಿಲ್ಲ. 25 ಮಕ್ಕಳಲ್ಲಿ ಇಬ್ಬರ ಅಂಕ ಒಂದು ಕಡೆಯಿಂದ ಇನ್ನೊಂದು ಕಡೆ ಹೋದರೆ ಬಹುಲಕವೇ ಬದಲಾಗಿಬಿಡುತ್ತದೆ. ಆದರೆ ನನ್ನ ಮಟ್ಟಿಗೆ ಅದು ಒಳ್ಳೆಯ ಕಾವಲುಗಾರ.

ಎರಡು ವಿಭಾಗವನ್ನು ಬೇರೆ ಮಾಡಿ ತೋರಿಸಿದ್ದು ಕೊನೆಗೂ ಹರಡಿಕೆಯೇ. ವ್ಯಾಪ್ತಿ ನೋಡಿದರೆ ಎ ವಿಭಾಗಕ್ಕೆ 9, ಬಿ ವಿಭಾಗಕ್ಕೆ 17. ಆದರೆ ಅದು ತುದಿಯ ಇಬ್ಬರು ಮಕ್ಕಳ ಮಾತು. ಮಾನಕ ವಿಚಲನೆ 2.0 ಮತ್ತು 5.9. ನನಗೆ ಇದು ಸಾಕು, ಆದರೆ ಸಭೆಯಲ್ಲಿ 5.9 ಅಂದರೆ ಬೇರೆ ವಿಷಯದ ಶಿಕ್ಷಕರು ಮುಖ ನೋಡುತ್ತಾರೆ. ಹಾಗಾಗಿ ಚತುರ್ಥಕಗಳನ್ನು ಹಿಡಿದೆ: ಸಾಲಾಗಿ ನಿಲ್ಲಿಸಿದ ಮಕ್ಕಳಲ್ಲಿ ಕೆಳಗಿನ ಕಾಲು ಭಾಗ ಎಲ್ಲಿಗೆ ಮುಗಿಯುತ್ತದೆ, ಮೇಲಿನ ಕಾಲು ಭಾಗ ಎಲ್ಲಿಂದ ಶುರುವಾಗುತ್ತದೆ. ಎ ವಿಭಾಗದಲ್ಲಿ 10 ಮತ್ತು 12. ಬಿ ವಿಭಾಗದಲ್ಲಿ 5 ಮತ್ತು 17.

ಮುಖ್ಯ ಶಿಕ್ಷಕರಿಗೆ ಮರುದಿನ ಹೊಸ ಹಾಳೆ ಕೊಟ್ಟೆ. ಎ ವಿಭಾಗದ ಮುಂದೆ: "ಸರಾಸರಿ 10.9. ನಡುವಿನ ಅರ್ಧದಷ್ಟು ಮಕ್ಕಳು 10 ರಿಂದ 12 ರ ಒಳಗೆ. 25 ರಲ್ಲಿ 24 ಪಾಸು." ಬಿ ವಿಭಾಗದ ಮುಂದೆ ಸರಾಸರಿಯನ್ನು ಬರೆಯಲೇ ಇಲ್ಲ: "ಎರಡು ಗುಂಪು. 12 ಮಕ್ಕಳು 7 ಅಥವಾ ಕಡಿಮೆ, 12 ಮಕ್ಕಳು 15 ಅಥವಾ ಹೆಚ್ಚು, ಒಬ್ಬಳು 12. 25 ರಲ್ಲಿ 17 ಪಾಸು." ಅವರು ಅದನ್ನು ಓದಿ ಕೇಳಿದ ಮೊದಲ ಪ್ರಶ್ನೆ, "ಆ ಹನ್ನೆರಡು ಮಕ್ಕಳಿಗೆ ಏನು ಬರ್ತಿಲ್ಲ ಮೇಡಂ?" 10.9 ಬರೆದ ಹಾಳೆಗೆ ಈ ಪ್ರಶ್ನೆ ಹುಟ್ಟಿರಲಿಲ್ಲ.

ಅದಕ್ಕೆ ಉತ್ತರ ಮಕ್ಕಳ ಪತ್ರಿಕೆಗಳಲ್ಲೇ ಇತ್ತು. ಕೆಳಗಿನ ಹನ್ನೆರಡು ಮಕ್ಕಳ ಪತ್ರಿಕೆಗಳನ್ನು ಪ್ರಶ್ನೆವಾರು ನೋಡಿದೆ. x² − 5x + 6 ನ್ನು ಅಪವರ್ತಿಸಲು ಮಧ್ಯಪದವನ್ನು ಒಡೆಯಬೇಕು. ಹೆಚ್ಚಿನವರು 2 ಮತ್ತು 3 ನ್ನು ಸರಿಯಾಗಿ ಆರಿಸಿದ್ದರು. ಎಡವಿದ್ದು ಚಿಹ್ನೆಯಲ್ಲಿ. ಒಬ್ಬ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಲೆಕ್ಕ ಮಾಡಿಕೊಂಡಿದ್ದ: (−2) × (−3) = −6. ಉತ್ತರ 6 ಬರಲಿಲ್ಲವೆಂದು ಅದನ್ನು ಹೊಡೆದುಹಾಕಿ, +2x − 3x ಎಂದು ಬರೆದು ಮುಂದೆ ಹೋಗಲಾರದೆ ಬಿಟ್ಟಿದ್ದ. ಅವನಿಗೆ ಬಹುಪದೋಕ್ತಿ ಕಷ್ಟವಾಗಿರಲಿಲ್ಲ. ಋಣ ಸಂಖ್ಯೆಗಳ ಗುಣಾಕಾರ ಬಂದಿರಲಿಲ್ಲ, ಅಷ್ಟೆ. ಆ ಒಂದು ಮೆಟ್ಟಿಲು ಗೊತ್ತಿದ್ದವರಿಗೆ ಅಧ್ಯಾಯದ ಮುಕ್ಕಾಲು ಪಾಲು ದಕ್ಕಿತ್ತು, ಗೊತ್ತಿಲ್ಲದವರಿಗೆ ಯಾವುದೂ ದಕ್ಕಿರಲಿಲ್ಲ. ನಡುವೆ ಬಯಲು ಬಿದ್ದದ್ದು ಅದಕ್ಕೇ.

ಪೋಷಕರ ಸಭೆಯಲ್ಲಿ ಇನ್ನೊಂದು ತೊಡಕು. 12 ಪಡೆದ ಹುಡುಗಿಯ ತಾಯಿ ಬಂದಿದ್ದರು. ಮೊದಲ ದಿನ ಸೂಚನಾ ಫಲಕಕ್ಕೆ ಹಾಕಿದ್ದ 10.9 ನ್ನು ಯಾರೋ ಅವರಿಗೆ ಓದಿ ಹೇಳಿದ್ದರು. "ನಮ್ಮ ಹುಡುಗಿ ಎಲ್ಲರಿಗಿಂತ ಮುಂದಿದ್ದಾಳೆ ಅಲ್ವಾ ಮೇಡಂ, ಸರಾಸರಿಗಿಂತ ಜಾಸ್ತಿ ತಗೊಂಡಿದಾಳೆ?" ನಾನು ಚುಕ್ಕಿಗಳ ಹಾಳೆ ತೋರಿಸಿದೆ. "ಇದು ನಿಮ್ಮ ಮಗಳು ಅಮ್ಮಾ. ಈ ಕಡೆ ಹನ್ನೆರಡು ಜನ, ಆ ಕಡೆ ಹನ್ನೆರಡು ಜನ. ಇವಳಿಗೆ ಚಿಹ್ನೆ ಗೊತ್ತು, ಕೊನೆಯ ಎರಡು ಲೆಕ್ಕಕ್ಕೆ ಸಮಯ ಸಾಲಲಿಲ್ಲ." ಅವರು ಬೆರಳಿಟ್ಟು ಬಲಗಡೆಯ ಚುಕ್ಕಿಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಸರಾಸರಿಯ ಮಾತೆತ್ತಲಿಲ್ಲ, ಸಮಯ ಯಾಕೆ ಸಾಲಲಿಲ್ಲ ಎಂದು ಕೇಳಿದರು. ಪೋಷಕರಿಗೆ ಈಗ ನಾನು ಹೆಸರಿಲ್ಲದ ಚುಕ್ಕಿ ಹಾಳೆಯನ್ನೇ ಇಡುತ್ತೇನೆ, ಅವರವರ ಮಗುವಿನ ಚುಕ್ಕಿಯನ್ನು ಅವರಿಗೆ ಮಾತ್ರ ತೋರಿಸುತ್ತೇನೆ.

ಮೂರು ವಾರ ಆ ಹನ್ನೆರಡು ಮಕ್ಕಳಿಗೆ ಪರಿಹಾರ ಬೋಧನೆ ನಡೆಸಿದೆ, ಋಣ ಸಂಖ್ಯೆಯಿಂದಲೇ ಶುರುಮಾಡಿ. ಮತ್ತೆ ಎರಡೂ ವಿಭಾಗಕ್ಕೆ 20 ಅಂಕದ ಇನ್ನೊಂದು ಪತ್ರಿಕೆ ಕೊಟ್ಟೆ. ಪತ್ರಿಕೆ ಬೇರೆಯಾದಾಗ ಅಂಕ ಏರಿದರೆ ಅದು ಕಲಿಕೆಯೋ ಪತ್ರಿಕೆಯೇ ಸುಲಭವೋ ಹೇಳಲಾಗದು. ಅದಕ್ಕೇ ಎ ವಿಭಾಗವನ್ನು ಅಳತೆಗೋಲಾಗಿ ಇಟ್ಟುಕೊಂಡೆ. ಅವರ ಮಧ್ಯಾಂಕ ಈ ಸಲವೂ 11, ಆದ್ದರಿಂದ ಪತ್ರಿಕೆ ಹೆಚ್ಚುಕಡಿಮೆ ಅಷ್ಟೇ ಕಷ್ಟದ್ದು ಎಂದುಕೊಂಡೆ. ಬಿ ವಿಭಾಗದ ಸರಾಸರಿ 10.9 ರಿಂದ 12.4 ಕ್ಕೆ ಏರಿತು. ಒಂದೂವರೆ ಅಂಕ ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಯಾಕೆಂದರೆ ಮೊದಲೇ ಚೆನ್ನಾಗಿದ್ದ ಹನ್ನೆರಡು ಮಕ್ಕಳು ಅಲ್ಲೇ ಇದ್ದರು, ಏರಿಕೆ ಅವರೊಂದಿಗೆ ಹಂಚಿಹೋಯಿತು. ಕೆಳಗಿನ ಚತುರ್ಥಕ ಮಾತ್ರ 5 ರಿಂದ 9 ಕ್ಕೆ ಬಂದಿತ್ತು. ಈ ಸಲ ವರದಿಯಲ್ಲಿ ನಾನು ಬರೆದದ್ದು ಆ ಸಂಖ್ಯೆಯನ್ನು, ಅದರ ಕೆಳಗೆ "25 ರಲ್ಲಿ 22 ಪಾಸು" ಎಂದು. ಉಳಿದ ಮೂರು ಚುಕ್ಕಿ ಇನ್ನೂ 3 ಮತ್ತು 4 ರಲ್ಲೇ ಇವೆ. ಆ ಮೂವರನ್ನು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಳ್ಳುತ್ತಿದ್ದೇನೆ.