ರಾತ್ರಿ ಊಟದಲ್ಲೇ 40 ಗ್ರಾಂ ಪ್ರೋಟೀನ್: ನನ್ನ ಅನುಭವ

ಜಿಮ್‌ನಲ್ಲಿ ಭಾರ ಎತ್ತುವವರಿಗೆ ನಾನು ಹಿಡಿಯುವ ಲೆಕ್ಕ ಒಂದೇ: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್. 70 ಕಿಲೋ ಇದ್ದವರಿಗೆ ಸುಮಾರು 112 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು. ಹಾಲು, ಮೊಸರು, ಶೇಂಗಾ, ಮಧ್ಯಾಹ್ನದ ಮಟಕಿ ಉಸಳಿ, ರೊಟ್ಟಿ ಸೇರಿ 70 ಗ್ರಾಂವರೆಗೆ ಬರುತ್ತದೆ. ಕೊರತೆ ಬೀಳುವುದು ರಾತ್ರಿ ಊಟದಲ್ಲಿ. ಪುಣೆಯ ಮನೆಗಳ ತೆಳು ವರಣ ಆಗಲಿ, ನಮ್ಮ ತೊವ್ವೆ ಆಗಲಿ, ಒಂದು ಬಟ್ಟಲಲ್ಲಿ 5–6 ಗ್ರಾಂಗಿಂತ ಹೆಚ್ಚು ಸಿಗುವುದು ಅಪರೂಪ.

ಅದಕ್ಕೇ ಸೋಯಾ, ಬೇಳೆ, ಪನೀರ್ ಮೂರನ್ನೂ ಒಂದೇ ಪಾತ್ರೆಗೆ ಹಾಕುತ್ತೇನೆ. ಒಣ ಸೋಯಾ ಚಂಕ್ಸ್ 40 ಗ್ರಾಂ, ಹೆಸರುಬೇಳೆ 40 ಗ್ರಾಂ, ಪನೀರ್ 60 ಗ್ರಾಂ. ಸೋಯಾದಿಂದ ಸುಮಾರು 20, ಬೇಳೆಯಿಂದ 10, ಪನೀರಿನಿಂದ 11 ಗ್ರಾಂ ಪ್ರೋಟೀನ್. ಒಂದು ಚಮಚ ಎಣ್ಣೆ ಸೇರಿ 500 ಕ್ಯಾಲೊರಿಯ ಆಸುಪಾಸು. ಇಷ್ಟೇ ಪ್ರೋಟೀನನ್ನು ಬರೀ ಪನೀರಿನಿಂದ ತೆಗೆಯಲು ಹೋದರೆ 200 ಗ್ರಾಂ ದಾಟಿಸಬೇಕು, ಅದರ ಜೊತೆ 40 ಗ್ರಾಂಗೂ ಮೀರಿ ಕೊಬ್ಬು ಹೊಟ್ಟೆ ಸೇರುತ್ತದೆ. ಪನೀರ್ ಇಲ್ಲಿ ರುಚಿಗೆ, ಭಾರ ಹೊರುವುದು ಸೋಯಾ.

ತೂಗುವುದು ಬೇಯಿಸುವ ಮೊದಲೇ. ಎಡವಟ್ಟಾಗುವುದು ಇಲ್ಲೇ. ಸೋಯಾ ಪೊಟ್ಟಣದ ಮೇಲಿನ 52 ಗ್ರಾಂ ಎನ್ನುವುದು 100 ಗ್ರಾಂ ಒಣ ಚಂಕ್ಸ್‌ನ ಲೆಕ್ಕ. ನೆನೆದ ಮೇಲೆ ತೂಕ ಎರಡು–ಮೂರು ಪಟ್ಟಾಗುತ್ತದೆ, ಹೆಚ್ಚಿದ್ದೆಲ್ಲ ನೀರು. ನೆನೆಸಿದ 40 ಗ್ರಾಂ ತಿಂದು 20 ಎಂದು ಬರೆದುಕೊಂಡರೆ ಅರ್ಧಕ್ಕಿಂತ ಹೆಚ್ಚು ಸುಳ್ಳು.

ಬೇಳೆಯನ್ನು ಅರಿಶಿನ ಹಾಕಿ ಕುಕ್ಕರ್‌ನಲ್ಲಿ ಗಟ್ಟಿಯಾಗಿಯೇ ಬೇಯಿಸಿ. ಸೋಯಾವನ್ನು ಉಪ್ಪು ನೀರಿನಲ್ಲಿ 5 ನಿಮಿಷ ಕುದಿಸಿ, ತಣ್ಣೀರಿನಲ್ಲಿ ತೊಳೆದು ಮೂರು ಸಲ ಹಿಂಡಿ. ಹಿಂಡಿದ ನೀರು ತಿಳಿಯಾಗಿ ಬಂದರೆ ಸಾಕು. ಹಿಂಡದೆ ಬಿಟ್ಟರೆ ಹಸಿ ವಾಸನೆ ಉಳಿಯುತ್ತದೆ, ಒಳಗೆ ನೀರೇ ತುಂಬಿರುವುದರಿಂದ ಮಸಾಲೆ ಇಳಿಯುವುದಿಲ್ಲ. ಒಣದ್ದನ್ನೇ ಬೇಳೆಗೆ ಸುರಿದರೆ ಅದರ ನೀರನ್ನೆಲ್ಲ ಹೀರಿ ತಳ ಹಿಡಿಸುತ್ತದೆ. ಈರುಳ್ಳಿ, ಶುಂಠಿ, ಟೊಮೇಟೊ ಬಾಡಿದ ಮೇಲೆ ಸೋಯಾ ಹಾಕಿ 5 ನಿಮಿಷ ಹುರಿದು, ಬೇಳೆ ಸೇರಿಸಿ ಒಂದು ಕುದಿ ಬರಿಸಿ. ಪನೀರ್ ಕೊನೆಗೆ, ಎರಡೇ ನಿಮಿಷ. ಹೆಚ್ಚು ಕುದಿದರೆ ರಬ್ಬರ್.

ಡೇರಿಯ ಬಿಡಿ ಪನೀರ್ ಮೇಲೆ ಅನುಮಾನವಿದ್ದರೆ ಒಂದು ತುಂಡನ್ನು ನೀರಲ್ಲಿ ಕುದಿಸಿ, ಆರಿದ ಮೇಲೆ ಟಿಂಚರ್ ಅಯೋಡಿನ್ ಎರಡು ಹನಿ ಬಿಡಿ. ನೀಲಿಗಪ್ಪಾದರೆ ಪಿಷ್ಟ ಬೆರೆಸಿದ್ದಾರೆ. ಬಣ್ಣ ಏನೇ ಬರಲಿ, ಅಯೋಡಿನ್ ಬಿಟ್ಟ ತುಂಡನ್ನು ಎಸೆಯಿರಿ. ಬಣ್ಣ ಬದಲಾಗದಿದ್ದ ಮಾತ್ರಕ್ಕೆ ಪನೀರ್ ಅಪ್ಪಟ ಎಂದಲ್ಲ. ಪಾಮ್ ಎಣ್ಣೆ ಬೆರೆಸಿದ್ದು ಈ ಪರೀಕ್ಷೆಗೆ ಸಿಗುವುದಿಲ್ಲ.

ಮೊದಲ ದಿನವೇ 40 ಗ್ರಾಂ ಸೋಯಾ ತಿಂದರೆ ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಒಂದು ವಾರ 20 ಗ್ರಾಂ ತಿಂದು ನೋಡಿ ಏರಿಸಿ. ಅಲ್ಲಿಯವರೆಗೆ ತಟ್ಟೆಯ ಪಕ್ಕ ಒಂದು ಬಟ್ಟಲು ಗಟ್ಟಿ ಮೊಸರು, ಜೊತೆಗೆ ಎರಡು ಜೋಳದ ಭಾಕರಿ.