ಬರ್ಡನ್ ತಗ್ಗಿದರೂ ಪಿಟಿ ತಪ್ಪುತ್ತದೆ: ಲೆಕ್ಕ ಹಾಕುವುದು ಹೇಗೆ?

ಹೆಚ್ಚಿನ ವೋಲ್ಟೇಜನ್ನು ಮೀಟರಿಗೆ ತಕ್ಕಷ್ಟು ಇಳಿಸಿಕೊಡುವ ಪೊಟೆನ್ಶಿಯಲ್ ಟ್ರಾನ್ಸ್‌ಫಾರ್ಮರ್, ಅಂದರೆ ಪಿಟಿಯ ನೇಮ್‌ಪ್ಲೇಟ್ ಮೇಲೆ ‘50 ವಿಎ, ಕ್ಲಾಸ್ 0.5’ ಎಂದಿದ್ದರೆ ದೋಷ ಎಂದಿಗೂ ಶೇ 0.5 ದಾಟದು ಎಂದು ನಂಬುವವರೇ ಹೆಚ್ಚು. ಆ ಮಾತಿಗೆ ಒಂದು ಷರತ್ತಿದೆ. ಐಇಸಿ 61869-3 ಮಾನದಂಡದ ಪ್ರಕಾರ ಇಂಥ ಪಿಟಿ ತನ್ನ ಕ್ಲಾಸ್ ಉಳಿಸಿಕೊಳ್ಳಬೇಕಾದದ್ದು ವೋಲ್ಟೇಜು ಶೇ 80ರಿಂದ 120ರ ನಡುವೆ, ಬರ್ಡನ್, ಅಂದರೆ ಸೆಕೆಂಡರಿಗೆ ಜೋಡಿಸಿದ ಮೀಟರು ಮುಂತಾದವುಗಳ ಹೊರೆ, ಶೇ 25ರಿಂದ 100ರ ನಡುವೆ ಇದ್ದಾಗ ಮಾತ್ರ. ಹಳೆಯ ಡಿಸ್ಕ್ ಮೀಟರುಗಳನ್ನು ತೆಗೆದು ತೀರ ಕಡಿಮೆ ಹೊರೆಯ ಎಲೆಕ್ಟ್ರಾನಿಕ್ ಮೀಟರ್ ಕೂರಿಸಿದ ಕಡೆ ಎಡವುವುದು ಇಲ್ಲೇ.

ಮೊದಲು ಎರಡು ದೋಷಗಳನ್ನು ಬೇರೆ ಮಾಡಿಕೊಳ್ಳಿ. ಸೆಕೆಂಡರಿ ವೋಲ್ಟೇಜನ್ನು ನೇಮ್‌ಪ್ಲೇಟಿನ ಅನುಪಾತದಿಂದ ಗುಣಿಸಿದರೆ ಪ್ರೈಮರಿ ವೋಲ್ಟೇಜು ಬರಬೇಕು. ಎಷ್ಟು ಹೆಚ್ಚುಕಡಿಮೆ ಬರುತ್ತದೋ ಅದು ಅನುಪಾತ ದೋಷ, ಶೇಕಡಾದಲ್ಲಿ. ಸೆಕೆಂಡರಿ ಅಲೆ ಪ್ರೈಮರಿಗಿಂತ ಮುಂದೆಯೋ ಹಿಂದೆಯೋ ಸರಿದಿದ್ದರೆ ಅದು ಕೋನ ದೋಷ. ಅದನ್ನು ಡಿಗ್ರಿಯ ಅರವತ್ತನೇ ಒಂದು ಭಾಗವಾದ ಮಿನಿಟಿನಲ್ಲಿ ಅಳೆಯುತ್ತಾರೆ, ಮುಂದೆ ಇದ್ದರೆ ಪ್ಲಸ್. ಕ್ಲಾಸ್ 0.5ಕ್ಕೆ ಮಿತಿ ಶೇ 0.5 ಮತ್ತು 20 ಮಿನಿಟು, ಕ್ಲಾಸ್ 0.2ಕ್ಕೆ ಶೇ 0.2 ಮತ್ತು 10 ಮಿನಿಟು. ಎರಡರಲ್ಲಿ ಒಂದು ದಾಟಿದರೂ ಕ್ಲಾಸ್ ಹೋಯಿತು.

ಈಗ ನಿಜವಾದ ಬರ್ಡನ್ ಅಳೆಯಿರಿ. ಒಂದು ಫೇಸಿನ ಸೆಕೆಂಡರಿ ಕರೆಂಟನ್ನು ಸಣ್ಣ ಕರೆಂಟು ಅಳೆಯಬಲ್ಲ ಕ್ಲ್ಯಾಂಪ್ ಮೀಟರಿನಿಂದ ನೋಡಿ, ವೋಲ್ಟೇಜಿನಿಂದ ಗುಣಿಸಿದರೆ ವಿಎ ಸಿಕ್ಕಿತು. ಉದಾಹರಣೆಗೆ 11 ಕೆವಿ ಪಿಟಿಯ ಸೆಕೆಂಡರಿ ಫೇಸ್ ವೋಲ್ಟೇಜು 63.5, ಕರೆಂಟು 0.04 ಆಂಪಿಯರ್ ಇದೆ ಎನ್ನೋಣ. ಅಂದರೆ ಸುಮಾರು 2.5 ವಿಎ. 50 ವಿಎ ಪಿಟಿಗೆ ಅದು ಬರೀ ಶೇ 5, ಷರತ್ತಿನ ಕೆಳಮಿತಿಯಾದ 12.5 ವಿಎಯಿಂದ ಬಹಳ ಕೆಳಗೆ.

ಹಾಗಾದರೆ ಅಲ್ಲಿ ದೋಷ ಎಷ್ಟು? ಟೆಸ್ಟ್ ಸರ್ಟಿಫಿಕೇಟಿನಲ್ಲಿ ಎರಡು ಬರ್ಡನ್‌ಗಳ ಅಂಕಿ ಇರುತ್ತದೆ. ನಮ್ಮ ಪಿಟಿಯಲ್ಲಿ 12.5 ವಿಎಗೆ ದೋಷ +0.36, ಕೋನ +5 ಮಿನಿಟು. 50 ವಿಎಗೆ −0.45, +14 ಮಿನಿಟು ಎನ್ನೋಣ. ಎರಡೂ ಮಿತಿಯೊಳಗೇ ಇವೆ. ಬರ್ಡನ್ ಏರಿದಷ್ಟೂ ವೈಂಡಿಂಗಿನೊಳಗಿನ ವೋಲ್ಟೇಜ್ ಡ್ರಾಪ್ ಹೆಚ್ಚುವುದರಿಂದ ದೋಷ ಬಹುಮಟ್ಟಿಗೆ ಸರಳರೇಖೆಯಲ್ಲೇ ಇಳಿಯುತ್ತದೆ. 37.5 ವಿಎಗೆ 0.81 ಇಳಿದರೆ 12.5 ವಿಎಗೆ 0.27. ಹಿಂದಕ್ಕೆ ಎಳೆದರೆ ಖಾಲಿ ಪಿಟಿಯ ದೋಷ +0.63, ನಮ್ಮ 2.5 ವಿಎಗೆ ಸುಮಾರು +0.58. ಕ್ಲಾಸ್ 0.5ರ ಗೆರೆ ದಾಟಿತು!

ಖಾಲಿ ಇದ್ದಾಗ ದೋಷ ಪ್ಲಸ್ಸಿನಲ್ಲಿರುವುದು ಅಕಸ್ಮಾತ್ತಲ್ಲ. ಪೂರ್ಣ ಬರ್ಡನ್ನಿನಲ್ಲಿ ವೋಲ್ಟೇಜು ಬೀಳುತ್ತದೆಂದು ಗೊತ್ತಿದ್ದೇ ತಯಾರಕರು ಸುತ್ತುಗಳ ಲೆಕ್ಕವನ್ನು ಚೂರು ಹೊಂದಿಸಿ, ದೋಷವನ್ನು ಮೊದಲೇ ಮೇಲಕ್ಕೆ ಎತ್ತಿಟ್ಟಿರುತ್ತಾರೆ. ಜಾಣತನವೇ, ಆದರೆ ನಮ್ಮ ಮೀಟರಿಗೆ ಅದೇ ಮುಳುವು.

ಇದು ಬಿಲ್ಲಿನ ಮೇಲೆ ಎಷ್ಟು ಬೀಳುತ್ತದೆ ಎಂಬುದಕ್ಕೆ ಕೋನವನ್ನೂ ಸೇರಿಸಬೇಕು. ಲ್ಯಾಗಿಂಗ್ ಲೋಡಿಗೆ ಶೇಕಡಾ ಲೆಕ್ಕದ ಸೂತ್ರ ಹೀಗಿದೆ:

```
ಪವರ್ ದೋಷ = ε − 0.0291 × δ × tan φ
```

ε ಅನುಪಾತ ದೋಷ, δ ಕೋನ ದೋಷದ ಮಿನಿಟು, φ ಲೋಡಿನ ಕೋನ. ಪವರ್ ಫ್ಯಾಕ್ಟರ್ 1 ಇದ್ದರೆ tan φ ಸೊನ್ನೆ, ಕೋನ ದೋಷದ ಆಟ ನಡೆಯುವುದಿಲ್ಲ. 0.5 ಇದ್ದರೆ ಅದು 1.73. ಆಗ ಪೂರ್ಣ ಬರ್ಡನ್ನಿನಲ್ಲಿ −0.45ಕ್ಕೆ ಇನ್ನೂ −0.71 ಸೇರಿ ದೋಷ −1.16 ಆಗುತ್ತದೆ. ಕ್ಲಾಸ್ ಒಳಗಿರುವ ಪಿಟಿಯೇ ಶೇ 1ಕ್ಕಿಂತ ಹೆಚ್ಚು ಯೂನಿಟ್ ನುಂಗಿತು. ಕಡಿಮೆ ಬರ್ಡನ್ನಿನಲ್ಲಿ ಕೋನ ಸುಮಾರು 2.6 ಮಿನಿಟು ಮಾತ್ರ, ಹಾಗಾಗಿ ಮೀಟರು ಹೆಚ್ಚೇ ತೋರಿಸುತ್ತದೆ: ಪವರ್ ಫ್ಯಾಕ್ಟರ್ 1ರಲ್ಲಿ +0.58, 0.5ರಲ್ಲಿ +0.45ರಷ್ಟು. (ಕರೆಂಟ್ ಟ್ರಾನ್ಸ್‌ಫಾರ್ಮರಿನ ದೋಷ ಇದರಾಚೆ, ಅದು ಬೇರೆಯೇ ಕಥೆ.)

ಪರಿಹಾರ? ಹೊಸದಾಗಿ ಕೊಳ್ಳುವುದಾದರೆ 10 ವಿಎ ಪಿಟಿ ಆರಿಸಿ, ನಮ್ಮ 2.5 ವಿಎ ಅದರ ಶೇ 25ಕ್ಕೆ ಬಂದು ನಿಲ್ಲುತ್ತದೆ. ಇರುವುದನ್ನೇ ಉಳಿಸಿಕೊಳ್ಳುವುದಾದರೆ ಪ್ರತಿ ಫೇಸಿಗೂ 10 ವಿಎ ಹೆಚ್ಚುವರಿ ಹೊರೆ ಕೊಡಿ. 63.5ರ ವರ್ಗವನ್ನು 10ರಿಂದ ಭಾಗಿಸಿದರೆ ಸುಮಾರು 400 ಓಮಿನ ರೆಸಿಸ್ಟರ್ ಬೇಕೆಂದಾಯಿತು. ಬಿಸಿ ತಡೆಯಲು 25 ವ್ಯಾಟಿನದ್ದಾದರೂ ಇರಲಿ. ದೋಷ +0.36ರ ಆಸುಪಾಸಿಗೆ ಇಳಿಯುತ್ತದೆ.

ಈ ರೆಸಿಸ್ಟರನ್ನು ಪಿಟಿಯ ಟರ್ಮಿನಲ್ ಬಾಕ್ಸಿನಲ್ಲೇ ಹಾಕಿ, ಮೀಟರಿನ ಬಳಿ ಬೇಡ. ಮೀಟರಿನ ಬಳಿ ಹಾಕಿದರೆ ಅದರ 0.16 ಆಂಪಿಯರ್ ಕೇಬಲ್ಲು, ಫ್ಯೂಸುಗಳ ಮೂಲಕವೂ ಹರಿಯುತ್ತದೆ. ಅವುಗಳ ರೆಸಿಸ್ಟೆನ್ಸ್ 0.5 ಓಮ್ ಇದ್ದರೂ 0.08 ವೋಲ್ಟು, ಅಂದರೆ ಶೇ 0.12ರಷ್ಟು, ದಾರಿಯಲ್ಲೇ ಕಳೆದುಹೋಗುತ್ತದೆ. ಆ ನಷ್ಟ ಪಿಟಿಯ ಸರ್ಟಿಫಿಕೇಟಿನಲ್ಲಿ ಎಲ್ಲೂ ಕಾಣಿಸದು. ಕೆಲಸ ಮುಗಿದ ಮೇಲೆ ಅದೇ ಫೇಸಿನಲ್ಲಿ ಪಿಟಿ ಟರ್ಮಿನಲ್ಲಿಗೂ ಮೀಟರ್ ಟರ್ಮಿನಲ್ಲಿಗೂ ನಡುವಿನ ಡ್ರಾಪನ್ನು ನೇರವಾಗಿ ಅಳೆದು ಬರೆದಿಡಿ. ಮುಂದಿನ ಸಲ ಅದು ಏರಿದ್ದರೆ ಫ್ಯೂಸಿನ ಹಿಡಿಕೆಯನ್ನೋ ಸಡಿಲ ತಂತಿಯನ್ನೋ ಮೊದಲು ನೋಡಿ.