ಮೂರು ಕೊಟೇಷನ್, ಒಂದೇ ಅಳತೆಗೋಲು

ಒಂದು ಸಂಸ್ಥೆಗೆ ಅರವತ್ತು ಕುರ್ಚಿಗಳು ಬೇಕಾಗಿವೆ. ಮೂವರು ಪೂರೈಕೆದಾರರಿಗೆ ‘ಚಕ್ರವಿರುವ ಕಚೇರಿ ಕುರ್ಚಿ 60, ದರ ತಿಳಿಸಿ’ ಎಂದು ಬರೆದರೆ ಮೂರು ಕೊಟೇಷನ್‌ಗಳೇನೋ ಬರುತ್ತವೆ. ಒಬ್ಬರು ಕೊಟ್ಟಿರುವುದು ತಮ್ಮ ಗೋದಾಮಿನಲ್ಲಿ ಕುರ್ಚಿ ಎತ್ತಿಕೊಂಡು ಹೋದರೆ ಅನ್ವಯಿಸುವ ದರ. ಇನ್ನೊಬ್ಬರ ದರದಲ್ಲಿ ತೆರಿಗೆ, ಸಾಗಣೆ, ಜೋಡಣೆ ಎಲ್ಲವೂ ಸೇರಿವೆ. ಮೂರನೆಯವರದು ಮೇಲ್ನೋಟಕ್ಕೆ ಅಗ್ಗ, ಆದರೆ ಅವರು ಎಂಟು ಕುರ್ಚಿಗಳ ಪೆಟ್ಟಿಗೆಯನ್ನು ಒಡೆದು ಮಾರುವುದಿಲ್ಲ. ಇವುಗಳಲ್ಲಿ ಚಿಕ್ಕ ಸಂಖ್ಯೆಯನ್ನು ಹುಡುಕಿ ಗುರುತು ಹಾಕುವುದನ್ನು ಹೋಲಿಕೆ ಎನ್ನಲಾಗದು. ಹೋಲಿಕೆಯ ಕೆಲಸ ಶುರುವಾಗಬೇಕಾದದ್ದು ದರಪಟ್ಟಿ ಬಂದ ಮೇಲಲ್ಲ, ದರಪಟ್ಟಿ ಕೇಳುವ ಪತ್ರವನ್ನು ಬರೆಯುವಾಗ. ಅಂಥ ಪತ್ರವನ್ನು ಸಿದ್ಧಪಡಿಸುವ ಬಗೆಯನ್ನು ಈ ಅರವತ್ತು ಕುರ್ಚಿಗಳನ್ನೇ ಇಟ್ಟುಕೊಂಡು ನೋಡೋಣ.

ಮೊದಲು: ಏನು ಬೇಕು ಎಂಬುದನ್ನು ಅಳೆಯುವಂತೆ ಬರೆಯಿರಿ

‘ಉತ್ತಮ ಗುಣಮಟ್ಟದ, ಗಟ್ಟಿಮುಟ್ಟಾದ, ಆರಾಮದಾಯಕ’ ಎಂಬ ಮಾತುಗಳನ್ನು ಪತ್ರದಿಂದ ತೆಗೆದುಹಾಕಿ. ಅವುಗಳನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದ್ದರಿಂದ ಅವು ಯಾರನ್ನೂ ಕಟ್ಟಿಹಾಕುವುದೂ ಇಲ್ಲ. ಬದಲಿಗೆ, ಕುರ್ಚಿ ಬಂದ ದಿನ ಟೇಪು ಹಿಡಿದೋ ಪ್ರಮಾಣಪತ್ರ ನೋಡಿಯೋ ಪರೀಕ್ಷಿಸಬಹುದಾದ ಸಂಗತಿಗಳನ್ನೇ ಬರೆಯಿರಿ. ಆಸನದ ಎತ್ತರ ಕನಿಷ್ಠ 42ರಿಂದ 51 ಸೆಂಟಿಮೀಟರ್‌ವರೆಗೆ ಹೊಂದಿಸುವಂತಿರಬೇಕು. 110 ಕಿಲೋ ತೂಕದವರು ಕೂರುವಂತಿರಬೇಕು. ಐದು ಕಾಲಿನ ತಳ ಇರಬೇಕು. ಕಚೇರಿ ಕುರ್ಚಿಗಳಿಗಿರುವ ಇಎನ್ 1335 ಅಥವಾ ಅದಕ್ಕೆ ಸಮನಾದ ಮಾನದಂಡದ ಪರೀಕ್ಷಾ ವರದಿ ಲಗತ್ತಿಸಬೇಕು, ಹೀಗೆ.

ಚಕ್ರದಂಥ ಸಣ್ಣ ಭಾಗವೂ ಇಲ್ಲಿ ಮುಖ್ಯ. ಟೈಲ್ಸ್ ಅಥವಾ ಮರದ ಗಟ್ಟಿ ನೆಲಕ್ಕೆ ಮೆತ್ತನೆಯ ಅಂಚಿನ ಚಕ್ರ ಬೇಕು. ಕಾರ್ಪೆಟ್ ಹಾಸಿದ ನೆಲಕ್ಕೆ ಗಟ್ಟಿ ಚಕ್ರ ಬೇಕು. ಯುರೋಪಿನ ಇಎನ್ 12529 ಮಾನದಂಡದ ಪ್ರಕಾರ ಮೆತ್ತನೆಯ ಚಕ್ರದ ಅಂಚಿನ ಬಣ್ಣ ಒಳಭಾಗದ ಬಣ್ಣಕ್ಕಿಂತ ಬೇರೆಯಾಗಿರುತ್ತದೆ, ಗಟ್ಟಿ ಚಕ್ರ ಪೂರ್ತಿ ಒಂದೇ ಬಣ್ಣದ್ದಾಗಿರುತ್ತದೆ. ಕುರ್ಚಿಯನ್ನು ಮಗುಚಿ ನೋಡಿದರೆ ಸಾಕು, ಯಾವುದು ಬಂದಿದೆ ಎಂದು ತಿಳಿಯುತ್ತದೆ. ಗಟ್ಟಿ ಚಕ್ರದ ಕುರ್ಚಿ ಟೈಲ್ಸ್ ಮೇಲೆ ಜಾರುತ್ತದೆ, ಸದ್ದು ಮಾಡುತ್ತದೆ, ನೆಲಕ್ಕೆ ಗೀರು ಹಾಕುತ್ತದೆ. ಪತ್ರದಲ್ಲಿ ‘ಚಕ್ರಗಳು’ ಎಂದಷ್ಟೇ ಬರೆದಿದ್ದರೆ ಪೂರೈಕೆದಾರರನ್ನು ದೂರುವಂತಿಲ್ಲ. ನೆಲ ಎಂಥದ್ದು ಎಂದು ನಾವೇ ಹೇಳಿರುವುದಿಲ್ಲ.

ಒಂದು ಬ್ರ್ಯಾಂಡ್ ಹೆಸರಿಸದೆ ವಿವರಿಸಲು ಆಗುವುದೇ ಇಲ್ಲ ಎಂದಾಗ ಮಾತ್ರ ‘ಅಥವಾ ಸಮಾನವಾದದ್ದು’ ಎಂದು ಸೇರಿಸಿ ಬ್ರ್ಯಾಂಡ್ ಹೆಸರು ಕೊಡಿ. ಯಾವ ಯಾವ ಅಂಶಗಳಲ್ಲಿ ಸಮಾನವಾಗಿರಬೇಕು ಎಂಬುದನ್ನೂ ಅಲ್ಲೇ ಬರೆಯಬೇಕು. ಅದಿಲ್ಲದಿದ್ದರೆ ಸಮಾನತೆಯ ತೀರ್ಮಾನ ಕೊನೆಗೆ ಪರಿಶೀಲಿಸುವವರ ಇಷ್ಟಾನಿಷ್ಟಕ್ಕೆ ಬಿಟ್ಟದ್ದಾಗುತ್ತದೆ.

ಎಲ್ಲಿಗೆ, ಯಾವಾಗ, ಯಾರ ಹೊಣೆಯಲ್ಲಿ

ಸರಬರಾಜಿನ ಷರತ್ತು ಬರೆಯುವಾಗ ‘ನಮ್ಮ ಸ್ಥಳಕ್ಕೆ ತಲುಪಿಸಬೇಕು’ ಎಂದರೆ ಅರ್ಧ ಮಾತು ಹೇಳಿದಂತೆ. ಲಾರಿ ಬಾಗಿಲ ಬಳಿ ನಿಂತ ಮೇಲೆ ಪೆಟ್ಟಿಗೆ ಇಳಿಸುವವರು ಯಾರು? ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಇನ್ಕೋಟರ್ಮ್ಸ್ 2020 ನಿಯಮಗಳು ಈ ಪ್ರಶ್ನೆಗೆ ನಿಖರ ಉತ್ತರ ಕೊಡುತ್ತವೆ. ‘ಎಕ್ಸ್ ವರ್ಕ್ಸ್’ ಎಂದರೆ ಮಾರುವವರ ಜಾಗದಿಂದಾಚೆ ಎಲ್ಲವೂ ಕೊಳ್ಳುವವರ ಹೊಣೆ. ಡಿಎಪಿ ಎಂದರೆ ಮಾರುವವರು ಹೆಸರಿಸಿದ ಸ್ಥಳದವರೆಗೆ ತಂದು, ಇಳಿಸಲು ಸಿದ್ಧವಾಗಿ ವಾಹನ ನಿಲ್ಲಿಸುತ್ತಾರೆ. ಇಳಿಸುವುದು ಕೊಳ್ಳುವವರ ಕೆಲಸ. ಡಿಪಿಯು ಎಂದರೆ ಇಳಿಸಿಯೂ ಕೊಡಬೇಕು. ಯಾವ ಸಂಕೇತ ಬಳಸಿದರೂ ಅದರ ಪಕ್ಕದಲ್ಲಿ ಸ್ಥಳದ ಪೂರ್ಣ ವಿಳಾಸವನ್ನೂ ‘ಇನ್ಕೋಟರ್ಮ್ಸ್ 2020’ ಎಂಬ ಹೆಸರನ್ನೂ ಬರೆಯಬೇಕು. ಹಿಂದಿನ ಆವೃತ್ತಿಯಲ್ಲಿ ಡಿಪಿಯು ಇರಲೇ ಇಲ್ಲ.

ಕುರ್ಚಿ ಮೂರನೇ ಮಹಡಿಗೆ ಹೋಗಬೇಕು, ಲಿಫ್ಟ್ ಇಲ್ಲ ಎಂದರೆ ಅದು ಈ ಯಾವ ಸಂಕೇತದೊಳಗೂ ಬರುವುದಿಲ್ಲ. ‘ಮೂರನೇ ಮಹಡಿಗೆ ಹೊತ್ತು, ಜೋಡಿಸಿ, ಪೆಟ್ಟಿಗೆ ಮತ್ತು ಪ್ಲಾಸ್ಟಿಕ್ಕನ್ನು ಹೊರಗೆ ಸಾಗಿಸಬೇಕು’ ಎಂದು ಬಿಡಿಸಿ ಬರೆಯಿರಿ. ಖರ್ಚಿನ ಜಗಳಗಳು ಹೆಚ್ಚಾಗಿ ಹುಟ್ಟುವುದು ಈ ಕೊನೆಯ ಕೆಲವು ಮೆಟ್ಟಿಲುಗಳಲ್ಲೇ.

ಅವಧಿಯ ವಿಷಯದಲ್ಲಿ ಎಷ್ಟು ದಿನ ಎಂಬುದಕ್ಕಿಂತ ಎಂದಿನಿಂದ ಎಂಬುದು ಮುಖ್ಯ. ‘ನಾಲ್ಕು ವಾರ’ ಎಂದರೆ ಒಬ್ಬರಿಗೆ ಖರೀದಿ ಆದೇಶ ಕೈಸೇರಿದ ದಿನದಿಂದ, ಇನ್ನೊಬ್ಬರಿಗೆ ಮುಂಗಡ ಜಮೆಯಾದ ದಿನದಿಂದ, ಮತ್ತೊಬ್ಬರಿಗೆ ಮಾದರಿ ಒಪ್ಪಿಗೆಯಾದ ದಿನದಿಂದ. ಆರಂಭದ ದಿನವನ್ನು ನೀವೇ ನಿಗದಿ ಮಾಡಿ. ಹಣ ಪಾವತಿಯೂ ಹಾಗೆಯೇ: ‘ಸರಕು ಪರಿಶೀಲಿಸಿ ಸ್ವೀಕರಿಸಿದ 30 ದಿನಗಳೊಳಗೆ’ ಎಂದು ಎಲ್ಲರಿಗೂ ಒಂದೇ ಷರತ್ತು ಇರಲಿ.

ಅವರ ಲೆಟರ್‌ಹೆಡ್ ಅಲ್ಲ, ನಿಮ್ಮ ಕೋಷ್ಟಕ

ಇಡೀ ಕೆಲಸದ ಜೀವಾಳ ಇದು. ಪೂರೈಕೆದಾರರು ತಮ್ಮದೇ ನಮೂನೆಯಲ್ಲಿ ದರ ಬರೆದು ಕಳುಹಿಸಲು ಬಿಟ್ಟರೆ ಹೋಲಿಕೆ ಮಾಡುವವರು ಊಹೆಗೆ ಇಳಿಯಬೇಕಾಗುತ್ತದೆ. ಖಾಲಿ ಕೋಷ್ಟಕವನ್ನು ನೀವೇ ಕಳುಹಿಸಿ, ಅದನ್ನು ತುಂಬಿ ಸಹಿ ಹಾಕಿ ಕೊಟ್ಟದ್ದನ್ನು ಮಾತ್ರ ಪರಿಗಣಿಸುವುದಾಗಿ ತಿಳಿಸಿ.

ಕೋಷ್ಟಕಕ್ಕೆ ಎರಡು ಭಾಗಗಳಿರಲಿ. ಮೊದಲನೆಯದು ತಾಂತ್ರಿಕ ವಿವರದ್ದು. ಎಡಗಡೆ ‘ಬೇಕಾದದ್ದು’, ಬಲಗಡೆ ‘ನೀವು ಕೊಡುವುದು’. ಬಲಗಡೆಯಲ್ಲಿ ‘ಹೌದು’, ‘ಸರಿ ಇದೆ’ ಎಂಬ ಉತ್ತರ ನಡೆಯದು, ಅಳತೆಯನ್ನೇ ಬರೆಯಬೇಕು ಎಂದು ಸೂಚಿಸಿ. ಆಸನದ ಎತ್ತರದ ಸಾಲಿನಲ್ಲಿ ಒಬ್ಬರು ‘41–52’ ಎಂದೂ ಇನ್ನೊಬ್ಬರು ‘45–55’ ಎಂದೂ ಬರೆದರೆ, ಎರಡನೆಯದು ಕುಳ್ಳಗಿನವರಿಗೆ ಆಗುವುದಿಲ್ಲ ಎಂಬುದು ಆ ಕ್ಷಣವೇ ಕಾಣುತ್ತದೆ. ಇಬ್ಬರೂ ‘ಹೌದು’ ಎಂದು ಬರೆದಿದ್ದರೆ ಅದು ಗೊತ್ತಾಗುತ್ತಿದ್ದದ್ದು ಕುರ್ಚಿ ಬಂದ ಮೇಲೆಯೇ.

ಎರಡನೆಯ ಭಾಗ ದರದ್ದು. ಒಂದು ಕುರ್ಚಿಯ ದರ, ಪ್ಯಾಕಿಂಗ್, ಸಾಗಣೆ, ಜೋಡಣೆ, ತೆರಿಗೆ ಪ್ರತಿಯೊಂದಕ್ಕೂ ಬೇರೆ ಕಲಂ. ಜೊತೆಗೆ ಎರಡು ನಿಯಮಗಳನ್ನು ಬರೆಯಿರಿ. ಖಾಲಿ ಬಿಟ್ಟ ಕಲಂನ ವೆಚ್ಚ ಬೇರೆ ದರದೊಳಗೆ ಸೇರಿದೆ ಎಂದೇ ಭಾವಿಸಲಾಗುವುದು. ಬಿಡಿ ದರಕ್ಕೂ ಒಟ್ಟು ಮೊತ್ತಕ್ಕೂ ತಾಳೆಯಾಗದಿದ್ದರೆ ಬಿಡಿ ದರವೇ ಅಂತಿಮ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗವು 2011ರಲ್ಲಿ ರೂಪಿಸಿದ ಸಾರ್ವಜನಿಕ ಖರೀದಿಯ ಮಾದರಿ ಕಾನೂನಿನಲ್ಲೂ ಸಾಗಣೆ, ವಿಮೆ, ಸುಂಕ, ತೆರಿಗೆ ದರದಲ್ಲಿ ಸೇರಬೇಕೇ ಎಂಬುದನ್ನು ಪ್ರತಿಯೊಬ್ಬ ಪೂರೈಕೆದಾರನಿಗೂ ಮೊದಲೇ ತಿಳಿಸಬೇಕೆಂಬ ನಿಯಮವಿದೆ.

ದರ ಎಷ್ಟು ದಿನ ಊರ್ಜಿತ ಎಂಬುದನ್ನೂ ನೀವೇ ಹೇಳಿ. ಒಳಗಿನ ಮಂಜೂರಾತಿಗೆ ಮೂರು ವಾರ ಬೇಕಾಗುವ ಕಡೆ 15 ದಿನದ ಕೊಟೇಷನ್‌ನಿಂದ ಪ್ರಯೋಜನವಿಲ್ಲ.

ಒಂದು ಲೆಕ್ಕ

ನಿಯಮಗಳಿಲ್ಲದೆ ಬಂದ ಆ ಮೂರು ಕೊಟೇಷನ್‌ಗಳಿಗೆ ಮರಳೋಣ. ಹಣ ಯಾವುದೇ ಇರಲಿ, ಮೊದಲನೆಯವರ ದರವನ್ನು 100 ಎಂದಿಟ್ಟುಕೊಳ್ಳೋಣ. ತೆರಿಗೆ ಶೇ 10 ಇರಲಿ. ಎರಡನೆಯವರು ತೆರಿಗೆ ಸೇರಿ ಹೇಳಿದ್ದು 121. ಮೂರನೆಯವರು ತೆರಿಗೆ ಹೊರತಾಗಿ 106 ಎಂದಿದ್ದಾರೆ. ಎಲ್ಲವನ್ನೂ ತೆರಿಗೆ ಹೊರತುಪಡಿಸಿ, ಮೂರನೇ ಮಹಡಿಯಲ್ಲಿ ಜೋಡಿಸಿಟ್ಟ ಒಂದು ಕುರ್ಚಿಯ ವೆಚ್ಚಕ್ಕೆ ಇಳಿಸಿದಾಗ ಸಿಗುವ ಚಿತ್ರ ಇದು:

| | ಮೊದಲನೆಯವರು | ಎರಡನೆಯವರು | ಮೂರನೆಯವರು |
|---|---|---|---|
| ಪತ್ರದಲ್ಲಿದ್ದ ದರ | 100 | 121 | 106 |
| ತೆರಿಗೆ ಕಳೆದ ದರ | 100 | 110 | 106 |
| ಪ್ಯಾಕಿಂಗ್, ಸಾಗಣೆ | 8 | – | – |
| ಜೋಡಣೆ | 3 | – | 3 |
| ಹೆಚ್ಚುವರಿ ಕುರ್ಚಿಗಳ ಹೊರೆ | – | – | 7 |
| ಮುಂಗಡದ ಬಡ್ಡಿ | 3 | – | – |
| ಒಟ್ಟು | 114 | 110 | 116 |

ಮೊದಲನೆಯವರು ಪೂರ್ತಿ ಹಣವನ್ನು ಮುಂಗಡವಾಗಿ ಕೇಳಿದ್ದಾರೆ. ಉಳಿದಿಬ್ಬರಿಗೆ ಕೊಡುವುದಕ್ಕಿಂತ ಸುಮಾರು ಮೂರು ತಿಂಗಳು ಮೊದಲೇ ಹಣ ಕೈಬಿಡುತ್ತದೆ. ತಿಂಗಳಿಗೆ ಶೇ 1ರಂತೆ ಅದರ ಬೆಲೆ ಕುರ್ಚಿಗೆ 3. ಮೂರನೆಯವರು ಎಂಟರ ಪೆಟ್ಟಿಗೆಗಳನ್ನು ಮಾತ್ರ ಮಾರುವುದರಿಂದ 64 ಕುರ್ಚಿ ಕೊಳ್ಳಬೇಕು. ಬೇಡದ ನಾಲ್ಕು ಕುರ್ಚಿಗಳ 424ನ್ನು ಬೇಕಾದ ಅರವತ್ತಕ್ಕೆ ಹಂಚಿದರೆ ತಲಾ 7. ಮೊದಲ ನೋಟಕ್ಕೆ ಎಲ್ಲರಿಗಿಂತ ದುಬಾರಿ ಎನಿಸಿದ್ದ ಎರಡನೆಯವರೇ ಕಡಿಮೆ ಬೆಲೆಯವರಾಗಿದ್ದಾರೆ.

ಆದರೆ ಇಲ್ಲೊಂದು ತೊಡಕಿದೆ. ಆ ನಾಲ್ಕು ಕುರ್ಚಿಗಳೂ ಉಪಯೋಗಕ್ಕೆ ಬರುತ್ತವೆ ಎಂದು ಯಾರಾದರೂ ವಾದಿಸಿದರೆ 7ರ ಹೊರೆ ಅಳಿಸಿಹೋಗಿ ಮೂರನೆಯವರ ವೆಚ್ಚ 109ಕ್ಕೆ ಇಳಿಯುತ್ತದೆ, ಅವರೇ ಗೆಲ್ಲುತ್ತಾರೆ. ಎರಡೂ ವಾದಗಳು ಸರಿಯೇ. ಆದರೆ ದರ ನೋಡಿದ ಮೇಲೆ ಯಾವುದನ್ನು ಒಪ್ಪಿದರೂ ಅದು ಒಬ್ಬರ ಪರ ವಹಿಸಿದಂತೆಯೇ. ಆದ್ದರಿಂದ ‘ನಿಖರವಾಗಿ 60, ಹೆಚ್ಚು ಕೊಟ್ಟರೆ ಅದರ ವೆಚ್ಚವನ್ನು ಅರವತ್ತಕ್ಕೇ ಹಂಚಿ ಲೆಕ್ಕ ಹಾಕಲಾಗುವುದು’ ಎಂಬ ಸಾಲು, ಮುಂಗಡಕ್ಕೆ ಯಾವ ಬಡ್ಡಿ ಹಿಡಿಯುತ್ತೀರಿ ಎಂಬ ಸಾಲು ಎರಡೂ ಪತ್ರದಲ್ಲೇ ಇರಬೇಕು.

ಕಳುಹಿಸುವುದು, ತೆರೆಯುವುದು

ಕನಿಷ್ಠ ಮೂವರಿಂದ ದರ ಕೇಳುವುದು ವಾಡಿಕೆ. ಮೇಲೆ ಹೇಳಿದ ಮಾದರಿ ಕಾನೂನೂ ಅದನ್ನೇ ಹೇಳುತ್ತದೆ. ಒಬ್ಬರು ಉತ್ತರಿಸದೇ ಹೋಗಬಹುದು, ಒಬ್ಬರ ತಾಂತ್ರಿಕ ವಿವರ ಹೊಂದದೇ ಹೋಗಬಹುದು. ಹಾಗಾಗಿ ಐವರಿಗೆ ಕಳುಹಿಸಿದರೆ ಕೊನೆಗೆ ಮೂರಾದರೂ ಕೈಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. ಎಲ್ಲರಿಗೂ ಒಂದೇ ದಿನ, ಒಂದೇ ಕಡತ ಹೋಗಲಿ. ಆದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ ಬೇರೆ ಬೇರೆ ಇಮೇಲ್ ಕಳುಹಿಸಿ. ಪೈಪೋಟಿಯಲ್ಲಿ ಯಾರಿದ್ದಾರೆಂದು ತಿಳಿದವರಿಗೆ ಪರಸ್ಪರ ಫೋನ್ ಮಾಡಿ ದರ ಹೊಂದಿಸಿಕೊಳ್ಳುವುದು ಸುಲಭ. ಎರಡು ಕೊಟೇಷನ್‌ಗಳಲ್ಲಿ ಒಂದೇ ಕಾಗುಣಿತದ ತಪ್ಪು, ಒಂದೇ ಲೆಕ್ಕದ ತಪ್ಪು ಕಂಡರೆ ಅಂಥ ಒಳ ಒಪ್ಪಂದದ ಅನುಮಾನ ಪಡಲು ಕಾರಣವಿದೆ.

ನಡುವೆ ಒಬ್ಬರು ‘ಕೈಯಾನಿಕೆ ಹೊಂದಿಸುವಂತಿರಬೇಕೇ?’ ಎಂದು ಕೇಳುತ್ತಾರೆ. ಅವರಿಗಷ್ಟೇ ಫೋನಿನಲ್ಲಿ ಉತ್ತರ ಕೊಡಬೇಡಿ. ಕೇಳಿದವರ ಹೆಸರು ಬಿಟ್ಟು, ಪ್ರಶ್ನೆಯನ್ನೂ ಉತ್ತರವನ್ನೂ ಎಲ್ಲರಿಗೂ ಬರೆದು ಕಳುಹಿಸಿ. ಉತ್ತರದಿಂದ ದರ ಬದಲಾಗುವಂತಿದ್ದರೆ ಕೊನೆಯ ದಿನಾಂಕವನ್ನೂ ಎಲ್ಲರಿಗೂ ಮುಂದೂಡಿ.

ಬಂದ ಕೊಟೇಷನ್‌ಗಳನ್ನು ಕೊನೆಯ ಗಳಿಗೆಯವರೆಗೆ ತೆರೆಯದೆ, ಆಮೇಲೆ ಇಬ್ಬರ ಎದುರು ಒಟ್ಟಿಗೆ ತೆರೆಯಿರಿ. ಮೊದಲು ತಾಂತ್ರಿಕ ಭಾಗ ನೋಡಿ. ಕಡ್ಡಾಯ ಅಂಶ ಹೊಂದದವರನ್ನು ಕಾರಣ ಬರೆದು ಬದಿಗಿಟ್ಟು, ಉಳಿದವರ ದರವನ್ನು ತುಲನಾ ಪಟ್ಟಿಗೆ ಇಳಿಸಿ. ಸಂದೇಹವಿದ್ದರೆ ಸ್ಪಷ್ಟನೆ ಕೇಳಬಹುದು, ಆದರೆ ಅದರ ನೆಪದಲ್ಲಿ ದರ ತಿದ್ದಲು ಬಿಡಬಾರದು.

ಆಯ್ಕೆಯಾದವರಿಗೆ ಖರೀದಿ ಆದೇಶ ಕೊಡುವಾಗ ಅವರೇ ತುಂಬಿ ಸಹಿ ಹಾಕಿದ ಕೋಷ್ಟಕವನ್ನು ಆದೇಶದ ಭಾಗವಾಗಿ ಲಗತ್ತಿಸಿ. ಕುರ್ಚಿಗಳು ಬಂದ ದಿನ ಸ್ವೀಕರಿಸುವವರ ಕೈಯಲ್ಲೂ ಅದರದೇ ಒಂದು ಪ್ರತಿ ಇರಲಿ. ಎತ್ತರ ಅಳೆದು, ಒಂದೆರಡು ಕುರ್ಚಿ ಮಗುಚಿ ಚಕ್ರದ ಬಣ್ಣ ನೋಡಿದ ಮೇಲೆಯೇ ಅವರು ಸ್ವೀಕೃತಿಗೆ ಸಹಿ ಹಾಕಲಿ.